ಮೂರು ಕ್ಯಾಮೆರಾ, ನಾಲ್ಕು ಮೈಕ್, ಒಂದು ಸಂವಾದ: ಮಲ್ಟಿಕ್ಯಾಮ್ ಸಂಕಲನ ಹಂತ ಹಂತವಾಗಿ

ನಾಲ್ಕು ಜನ ಕುಳಿತು ಮಾತನಾಡುವ ಸಂವಾದವನ್ನು ಮೂರು ಕ್ಯಾಮೆರಾಗಳಲ್ಲಿ ಚಿತ್ರೀಕರಿಸಿ, ಧ್ವನಿಯನ್ನು ಬೇರೆ ರೆಕಾರ್ಡರಿನಲ್ಲಿ ಹಿಡಿದರೆ ಸಂಕಲನಕಾರನ ಕೈಗೆ ಬರುವುದು ನಾಲ್ಕು ಬೇರೆ ಬೇರೆ ಗಡಿಯಾರಗಳು. ಪ್ರತಿ ಉಪಕರಣವೂ ತನ್ನದೇ ಹರಳಿನ ಲೆಕ್ಕದಲ್ಲಿ ಸಮಯವನ್ನು ಅಳೆಯುತ್ತದೆ. ಯಾವ ಎರಡೂ ಪೂರ್ತಿ ಒಂದೇ ವೇಗದಲ್ಲಿ ಓಡುವುದಿಲ್ಲ. ಹೀಗಾಗಿ ಯಾವ ಗುಂಡಿ ಒತ್ತಬೇಕು ಎಂದು ಹುಡುಕುವ ಮೊದಲು, ಈ ನಾಲ್ಕರಲ್ಲಿ ಯಾವುದನ್ನು ಗಡಿಯಾರವೆಂದು ಒಪ್ಪಿಕೊಳ್ಳಬೇಕು ಎನ್ನುವುದನ್ನು ತೀರ್ಮಾನಿಸಬೇಕು. ನನ್ನ ಉತ್ತರ ಯಾವಾಗಲೂ ಒಂದೇ: ಧ್ವನಿಯ ರೆಕಾರ್ಡರ್. ಚಿತ್ರದಲ್ಲಿ ಒಂದು ಫ್ರೇಮ್ ಕಳೆದುಹೋದರೆ ಕಣ್ಣಿಗೆ ತಿಳಿಯುವುದಿಲ್ಲ. ಮಾತಿನ ನಡುವೆ ಅಷ್ಟೇ ಹೊತ್ತಿನ ಧ್ವನಿ ಕತ್ತರಿಸಿದರೆ ಕಿವಿಗೆ ಟಪ್ ಎಂದು ಬಡಿಯುತ್ತದೆ. ಆದ್ದರಿಂದ ಧ್ವನಿ ಅಲುಗಾಡದೆ ನಿಲ್ಲಬೇಕು, ಕ್ಯಾಮೆರಾಗಳು ಅದಕ್ಕೆ ಹೊಂದಿಕೊಳ್ಳಬೇಕು. ಮುಂದೆ ಹೇಳುವ ಪ್ರತಿ ಹೆಜ್ಜೆಯೂ ಈ ಒಂದು ನಿರ್ಧಾರದಿಂದ ಹುಟ್ಟುತ್ತದೆ.

ಉದಾಹರಣೆಗೆ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಒಂದು ಸಂವಾದವನ್ನು ತೆಗೆದುಕೊಳ್ಳುತ್ತೇನೆ. ವಿಷಯ ಇಳಕಲ್ ಸೀರೆಯ ಕೊಂಡಿ, ಅಂದರೆ ಒಡಲಿನ ಹಾಸು ಮತ್ತು ಸೆರಗಿನ ಹಾಸಿನ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಕೂಡಿಸುವ ಕೆಲಸ. ವೇದಿಕೆಯ ಮೇಲೆ ಎಡದಿಂದ ಬಲಕ್ಕೆ ನಿರೂಪಕಿ, ಹಿರಿಯ ನೇಕಾರರು, ಕೊಂಡಿ ಹಾಕುವ ಮಹಿಳೆ, ಸೀರೆ ವ್ಯಾಪಾರಿ. ಒಂದನೇ ಕ್ಯಾಮೆರಾ ಸಭಾಂಗಣದ ಹಿಂದೆ, ವೇದಿಕೆಯಿಂದ 14 ಮೀಟರ್ ದೂರದಲ್ಲಿ, ನಾಲ್ವರನ್ನೂ ಒಟ್ಟಿಗೆ ತೋರಿಸುತ್ತ ಅಲುಗದೆ ನಿಂತಿದೆ. ಎರಡನೆಯದನ್ನು ಒಬ್ಬರು ಕೈಯಿಂದ ನಡೆಸುತ್ತಿದ್ದಾರೆ. ಅದು ಮಹಿಳೆ ಮತ್ತು ವ್ಯಾಪಾರಿಯ ಮುಖಗಳನ್ನೂ, ಆಗಾಗ ಮಹಿಳೆಯ ಕೈಬೆರಳುಗಳನ್ನೂ ಹತ್ತಿರದಿಂದ ಹಿಡಿಯುತ್ತದೆ. ಮೂರನೆಯದು ಸ್ಟ್ಯಾಂಡಿಗೆ ಕಟ್ಟಿದ ಮೊಬೈಲ್; ನಿರೂಪಕಿ ಮತ್ತು ಹಿರಿಯರ ಮೇಲೆ ಅದರ ದೃಷ್ಟಿ. ನಾಲ್ವರ ಕಾಲರ್ ಮೈಕುಗಳು ಒಂದೇ ರೆಕಾರ್ಡರಿಗೆ ಸೇರಿವೆ. ರೆಕಾರ್ಡರಿನಲ್ಲಿ ಒಟ್ಟು 74 ನಿಮಿಷ.

ಇಂಥ ಕೆಲಸವನ್ನು ಪ್ರೀಮಿಯರ್, ಫೈನಲ್ ಕಟ್ ಮುಂತಾದ ಹಲವು ತಂತ್ರಾಂಶಗಳಲ್ಲಿ ಮಾಡಬಹುದು. ಇಲ್ಲಿ ಡಾವಿಂಚಿ ರಿಸಾಲ್ವ್ ಬಳಸುತ್ತೇನೆ. ಹಲವು ಕ್ಯಾಮೆರಾಗಳನ್ನು ಒಂದೇ ಕ್ಲಿಪ್ಪಾಗಿ ಕೂಡಿಸಿ ಒಂದರಿಂದ ಇನ್ನೊಂದಕ್ಕೆ ಹಾರುವ ಮಲ್ಟಿಕ್ಯಾಮ್ ಸೌಲಭ್ಯ ಅದರ ಉಚಿತ ಆವೃತ್ತಿಯಲ್ಲೂ ಇದೆ, ಸಣ್ಣ ಊರಿನ ಸಂಘ ಸಂಸ್ಥೆಗಳಿಗೆ ಖರ್ಚಿಲ್ಲದೆ ದಕ್ಕುತ್ತದೆ.

ಫೈಲುಗಳನ್ನು ಮೊದಲು ಎಣಿಸಿ ನೋಡಿ

ತಂತ್ರಾಂಶ ತೆರೆಯುವ ಮುನ್ನ ಪ್ರತಿ ಉಪಕರಣಕ್ಕೊಂದು ಫೋಲ್ಡರ್ ಮಾಡಿ, ಫೈಲುಗಳ ಅವಧಿಯನ್ನು ಕೂಡಿಸಿ, ರೆಕಾರ್ಡರಿನ 74 ನಿಮಿಷದೊಂದಿಗೆ ಹೋಲಿಸಬೇಕು. ಎಲ್ಲಿ ತೂತು ಬಿದ್ದಿದೆ ಎನ್ನುವುದು ಇಲ್ಲಿಯೇ ಗೊತ್ತಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಒಂದನೇ ಕ್ಯಾಮೆರಾ ಬ್ಯಾಟರಿಯಿಲ್ಲದೆ ನೇರ ವಿದ್ಯುತ್ತಿನ ಮೇಲೆ ಓಡುತ್ತಿತ್ತು. ನಡುವೆ ಕರೆಂಟು ಹೋಗಿ, ಜನರೇಟರ್ ಹತ್ತುವವರೆಗೆ ನಿಂತು, ಎರಡು ಫೈಲುಗಳಾಗಿದೆ. ಎರಡನೇ ಕ್ಯಾಮೆರಾ ಹಳೆಯ ಮಾದರಿಯದು. ಅಂಥ ಅನೇಕ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವೇ ನಿಂತುಬಿಡುತ್ತವೆ. ಮತ್ತೆ ಗುಂಡಿ ಒತ್ತಬೇಕು. ಹೀಗಾಗಿ ಅದರಲ್ಲಿ ಮೂರು ಫೈಲುಗಳಿವೆ, ನಡುವೆ ಕೆಲವು ಸೆಕೆಂಡುಗಳ ಖಾಲಿ ಜಾಗವಿದೆ. ಇದನ್ನು 4 ಜಿಬಿ ಆದಾಗ ಫೈಲ್ ತುಂಡಾಗುವುದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಅಲ್ಲಿ ಚಿತ್ರೀಕರಣ ನಿಲ್ಲುವುದಿಲ್ಲ, ಸಾಮಾನ್ಯವಾಗಿ ತುಂಡುಗಳು ಒಂದರ ಬೆನ್ನಿಗೆ ಒಂದು ಸರಿಯಾಗಿ ಕೂಡುತ್ತವೆ. ನಡುವೆ ನಿಂತು ಮತ್ತೆ ಶುರುವಾದ ಫೈಲುಗಳನ್ನು ಮಾತ್ರ ಒಂದೊಂದಾಗಿ ಸಿಂಕ್ ಮಾಡಬೇಕು, ಅಂದರೆ ರೆಕಾರ್ಡರಿನ ಧ್ವನಿಯೊಂದಿಗೆ ಕಾಲ ಹೊಂದಿಸಬೇಕು.

ಮೊಬೈಲಿನದು ಬೇರೆ ತೊಡಕು. ಕ್ಯಾಮೆರಾಗಳು ಸೆಕೆಂಡಿಗೆ 25 ಫ್ರೇಮಿನಂತೆ ಒಂದೇ ಸಮನೆ ಹಿಡಿಯುತ್ತವೆ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ 25 ಫ್ರೇಮ್, 1/50 ಶಟರ್ ಇಟ್ಟರೆ ಟ್ಯೂಬ್‌ಲೈಟ್ ಮಿನುಗುವುದಿಲ್ಲ. ಮೊಬೈಲ್ ಹಾಗಲ್ಲ. ಬೆಳಕು ಕಡಿಮೆಯಾದಾಗ, ಬಿಸಿಯಾದಾಗ ಅದು ಫ್ರೇಮುಗಳ ನಡುವಿನ ಅಂತರವನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಫೈಲನ್ನು ಮೀಡಿಯಾಇನ್ಫೋ ತಂತ್ರಾಂಶದಲ್ಲಿ ತೆರೆದರೆ `Frame rate mode: Variable` ಎಂದು ಕಾಣುತ್ತದೆ. ಇಂಥ ಫೈಲನ್ನು ನೇರವಾಗಿ ಟೈಮ್‌ಲೈನಿಗೆ ಎಳೆದರೆ ಆರಂಭದಲ್ಲಿ ತುಟಿ ಮತ್ತು ಮಾತು ಕೂಡಿರುತ್ತವೆ, ಮಧ್ಯದಲ್ಲಿ ಅಡ್ಡಾದಿಡ್ಡಿಯಾಗಿ ಬೇರ್ಪಡುತ್ತವೆ, ಆಮೇಲೆ ಮತ್ತೆ ಕೂಡುವುದೂ ಉಂಟು. ಆದ್ದರಿಂದ ಮೊದಲೇ ಎಫ್ಎಫ್ಎಂಪೆಗ್ ಬಳಸಿ ಸಮನಾದ 25 ಫ್ರೇಮಿಗೆ ಪರಿವರ್ತಿಸಿಕೊಳ್ಳಬೇಕು:

```
ffmpeg -i mobile.mp4 -vf fps=25 -c:v libx264 -preset fast -crf 16 -g 25 -c:a pcm_s16le -ar 48000 mobile_25.mov
```

ಇದರಲ್ಲಿ `fps=25` ಎನ್ನುವುದು ಒಟ್ಟು ಅವಧಿಯನ್ನು ಬದಲಿಸದೆ ಫ್ರೇಮುಗಳನ್ನು ಸಮ ಅಂತರಕ್ಕೆ ತರುತ್ತದೆ. `-g 25` ಪ್ರತಿ ಸೆಕೆಂಡಿಗೆ ಒಂದು ಪೂರ್ಣ ಫ್ರೇಮನ್ನು ಇಡುವುದರಿಂದ ಮುಂದೆ ಅತ್ತಿತ್ತ ಓಡಾಡುವಾಗ ಕಂಪ್ಯೂಟರ್ ತಡವರಿಸುವುದಿಲ್ಲ. 30 ಫ್ರೇಮಿನಲ್ಲಿ ಹಿಡಿದದ್ದನ್ನು 25ಕ್ಕೆ ಇಳಿಸಿದರೆ ಕೈಯ ವೇಗದ ಚಲನೆಯಲ್ಲಿ ಸಣ್ಣ ಜಗ್ಗು ಕಾಣಬಹುದು. ಕುಳಿತು ಮಾತನಾಡುವವರಲ್ಲಿ ಅದು ಬಾಧಿಸುವುದಿಲ್ಲ. ಮೊಬೈಲಿನ ಆ್ಯಪಿನಲ್ಲಿ 25 ಇಡಲು ಅವಕಾಶವಿದ್ದರೆ ಚಿತ್ರೀಕರಣಕ್ಕೆ ಮೊದಲೇ ಇಟ್ಟುಬಿಡಿ.

ರಿಸಾಲ್ವ್‌ನಲ್ಲಿ ಹೊಸ ಪ್ರಾಜೆಕ್ಟ್ ತೆರೆದ ಕೂಡಲೇ `Timeline frame rate` 25 ಇದೆಯೇ ನೋಡಿ. ಒಮ್ಮೆ ಟೈಮ್‌ಲೈನ್ ಹುಟ್ಟಿತೆಂದರೆ ಆ ಪ್ರಾಜೆಕ್ಟಿನ ಸೆಟ್ಟಿಂಗ್ ಬದಲಾಯಿಸಲು ಬಿಡುವುದಿಲ್ಲ.

ಧ್ವನಿಯನ್ನು ಒಂದು ಫೈಲ್ ಮಾಡಿಕೊಳ್ಳಿ

ನಾಲ್ಕು ಕಾಲರ್ ಮೈಕುಗಳ ಧ್ವನಿಯನ್ನು ಮೊದಲಿಗೆ ಒರಟಾಗಿ ಬೆರೆಸಿ `mix.wav` ಎಂಬ ಒಂದೇ ಫೈಲ್ ತೆಗೆಯುತ್ತೇನೆ. ಹೀಗೆ ಮಾಡಿದರೆ ಮಲ್ಟಿಕ್ಯಾಮ್ ಒಳಗೆ ನಾಲ್ಕು ಟ್ರ್ಯಾಕುಗಳ ಜಂಜಾಟವಿರುವುದಿಲ್ಲ. ಬೆರೆಸುವಾಗ ಗಮನಿಸಬೇಕಾದದ್ದು ಒಂದೇ. ಹಿರಿಯರು ಮಾತನಾಡುವಾಗ ಅವರ ದನಿ ಪಕ್ಕದ ಮಹಿಳೆಯ ಮೈಕಿಗೂ ಸ್ವಲ್ಪ ತಡವಾಗಿ ತಲುಪುತ್ತದೆ. ನಾಲ್ಕೂ ಮೈಕುಗಳನ್ನು ಪೂರ್ಣವಾಗಿ ತೆರೆದಿಟ್ಟರೆ ಈ ಎರಡು ಪ್ರತಿಗಳು ಬೆರೆತು ದನಿ ಕೊಳವೆಯೊಳಗಿಂದ ಬಂದಂತೆ ಪೊಳ್ಳಾಗುತ್ತದೆ. ಮಾತನಾಡದವರ ಮೈಕನ್ನು 10ರಿಂದ 12 ಡೆಸಿಬೆಲ್ ಇಳಿಸಿದರೆ ಸಾಕು. ಪೂರ್ತಿ ಮುಚ್ಚಿದರೆ ಸಭಾಂಗಣದ ಗಾಳಿಯ ಸದ್ದು, ಹೊರಗಿನ ಮಗ್ಗದ ಸದ್ದು ಪ್ರತಿ ಬಾರಿ ಬಂದು ಹೋಗಿ ಕಿರಿಕಿರಿ ಮಾಡುತ್ತವೆ.

ಈ ಮಿಶ್ರಣ ಅಂತಿಮವಾಗಬೇಕಿಲ್ಲ. ಕೊನೆಯಲ್ಲಿ ನಾಜೂಕಾಗಿ ಬೆರೆಸಿ, ಅದೇ ಹೆಸರು, ಅದೇ ಉದ್ದದ ಫೈಲನ್ನು ಹಳೆಯದರ ಮೇಲೆ ಬರೆದು ಪ್ರಾಜೆಕ್ಟನ್ನು ಮತ್ತೆ ತೆರೆದರೆ ಎಲ್ಲ ಕಟ್‌ಗಳ ಕೆಳಗೂ ಹೊಸ ಧ್ವನಿ ಬಂದು ಕೂರುತ್ತದೆ. ಉದ್ದ ಮಾತ್ರ ಒಂದಿಷ್ಟೂ ಬದಲಾಗಬಾರದು.

ಸಿಂಕ್: ಜೋಡಿಸುವುದು ಸುಲಭ, ಪರೀಕ್ಷಿಸುವುದೇ ಕೆಲಸ

ಒಂದು ಟೈಮ್‌ಲೈನ್ ಮಾಡಿ. ಮೊದಲ ಮೂರು ವಿಡಿಯೊ ಟ್ರ್ಯಾಕುಗಳಲ್ಲಿ ಕ್ರಮವಾಗಿ ಮೂರು ಕ್ಯಾಮೆರಾಗಳನ್ನು, ಅವುಗಳ ಸ್ವಂತ ಧ್ವನಿಯನ್ನು ಅದೇ ಸಂಖ್ಯೆಯ ಆಡಿಯೊ ಟ್ರ್ಯಾಕುಗಳಲ್ಲಿ ಇಡಿ. ನಾಲ್ಕನೇ ಆಡಿಯೊ ಟ್ರ್ಯಾಕಿನಲ್ಲಿ `mix.wav` ಇಡಿ. ಕ್ಯಾಮೆರಾದ ಧ್ವನಿ ಎಷ್ಟೇ ಕೆಟ್ಟದಾಗಿದ್ದರೂ ಈಗ ಬೇಕು, ಏಕೆಂದರೆ ತಂತ್ರಾಂಶ ಅದನ್ನೇ ರೆಕಾರ್ಡರಿನ ಧ್ವನಿಯೊಂದಿಗೆ ಹೋಲಿಸಿ ಜಾಗ ಹುಡುಕುತ್ತದೆ. ಎಲ್ಲ ಕ್ಲಿಪ್‌ಗಳನ್ನು ಆಯ್ದು, ಬಲ ಕ್ಲಿಕ್ ಮಾಡಿ, `Auto Align Clips` ಅಡಿಯಲ್ಲಿ `Based on Waveform` ಒತ್ತಿದರೆ ಅವು ಸರಿದು ನಿಲ್ಲುತ್ತವೆ. ಇಷ್ಟಕ್ಕೇ ತೃಪ್ತರಾಗಿ ಮುಂದೆ ಹೋಗುವವರೇ ಹೆಚ್ಚು. ನಾನು ಇಲ್ಲಿ ನಿಂತು ಮೂರು ವಿಷಯಗಳನ್ನು ಪರೀಕ್ಷಿಸುತ್ತೇನೆ.

ಮೊದಲನೆಯದು, ತಪ್ಪು ಜಾಗದಲ್ಲಿ ಕೂತಿದೆಯೇ ಎನ್ನುವುದು. ಸಭಾಂಗಣದ ಪಕ್ಕದಲ್ಲಿ ವಿದ್ಯುತ್ ಮಗ್ಗಗಳು ನಡೆಯುತ್ತಿದ್ದರೆ ಅವುಗಳ ಬಡಿತ ಪ್ರತಿ ಫೈಲಿನಲ್ಲೂ ಒಂದೇ ಲಯದಲ್ಲಿ ಬಿದ್ದಿರುತ್ತದೆ. ಹಿಂದೆ ನಿಂತ ಕ್ಯಾಮೆರಾದ ಮೈಕಿನಲ್ಲಿ ಮಾತು ಕ್ಷೀಣವಾಗಿ, ಮಗ್ಗವೇ ಜೋರಾಗಿ ಕೇಳುತ್ತದೆ. ಆಗ ತಂತ್ರಾಂಶ ಒಂದು ಬಡಿತವನ್ನು ಅದರ ಪಕ್ಕದ ಬಡಿತಕ್ಕೆ ಹೊಂದಿಸಿಬಿಡಬಹುದು. ಅಲೆಗಳ ರೇಖೆ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ತುಟಿಗಳು ಮಾತ್ರ ಸ್ಪಷ್ಟವಾಗಿ ಬೇರೆ ಹೋಗಿರುತ್ತವೆ. ಇದಕ್ಕಾಗಿಯೇ ಸಂವಾದದ ಆರಂಭದಲ್ಲಿ ವೇದಿಕೆಯ ನಡುವೆ ನಿಂತು, ಮೂರೂ ಕ್ಯಾಮೆರಾಗಳಿಗೆ ಕಾಣುವಂತೆ ಒಮ್ಮೆ ಚಪ್ಪಾಳೆ ತಟ್ಟಬೇಕು, ಕೊನೆಗೆ ಎಲ್ಲರೂ ಏಳುವ ಮುನ್ನ ಮತ್ತೊಮ್ಮೆ. ಅಂಗೈಗಳು ಕೂಡಿದ ಫ್ರೇಮನ್ನು ರೆಕಾರ್ಡರಿನ ಚೂಪಾದ ಗೆರೆಯ ಮೇಲೆ ತಂದು ನಿಲ್ಲಿಸಿದರೆ ಯಾವ ಮಗ್ಗವೂ ಮೋಸ ಮಾಡಲಾರದು.

ಆದರೆ ಕರೆಂಟು ಬಂದ ಮೇಲಿನ ಫೈಲಿನಲ್ಲಿ, 30 ನಿಮಿಷದ ನಂತರದ ಫೈಲುಗಳಲ್ಲಿ ಆರಂಭದ ಚಪ್ಪಾಳೆ ಇರುವುದಿಲ್ಲ. ಅಲ್ಲಿ ಮಾತೇ ನೆರವಾಗುತ್ತದೆ. ಪ, ಬ ಅಕ್ಷರಗಳನ್ನು ಉಚ್ಚರಿಸಲು ತುಟಿ ಪೂರ್ತಿ ಮುಚ್ಚಿ ತೆರೆಯಲೇಬೇಕು. ಬಣ್ಣ, ಪಟ್ಟಿ, ಬೆಲೆ ಎಂಬ ಮಾತುಗಳು ನೇಕಾರಿಕೆಯ ಸಂವಾದದಲ್ಲಿ ಮತ್ತೆ ಮತ್ತೆ ಬರುತ್ತವೆ. ಅಂಥ ಪದ ಸಿಕ್ಕಾಗ ಫ್ರೇಮ್ ಫ್ರೇಮಾಗಿ ಸರಿಸಿ, ತುಟಿ ಬಿಚ್ಚಿಕೊಳ್ಳುವ ಫ್ರೇಮಿನಲ್ಲೇ ಧ್ವನಿಯ ಸ್ಫೋಟ ಬೀಳುತ್ತಿದೆಯೇ ನೋಡಿ. ಮ ಅಕ್ಷರದಲ್ಲಿ ತುಟಿ ಮುಚ್ಚಿರುವಾಗಲೇ ಮೂಗಿನಿಂದ ದನಿ ಶುರುವಾಗುವುದರಿಂದ ಮಗ್ಗ ಎಂಬ ಪದ ಅಷ್ಟು ಖಚಿತವಲ್ಲ. ಒಂದು ಫೈಲಿಗೆ ಎರಡು ಕಡೆ ಹೀಗೆ ನೋಡಿದರೆ ಸಾಕು.

ಎರಡನೆಯದು, ದೂರ. ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಸಾಗುತ್ತದೆ. ನಮ್ಮ ಬಿಸಿಲು ನಾಡಿಗೆ ಇದು ಒಪ್ಪುವ ಲೆಕ್ಕ. 14 ಮೀಟರ್ ದಾಟಲು ಅದಕ್ಕೆ 40 ಮಿಲಿಸೆಕೆಂಡ್ ಬೇಕು, ಅದು ಸರಿಯಾಗಿ ಒಂದು ಫ್ರೇಮ್. ಹಿಂದೆ ನಿಂತ ಕ್ಯಾಮೆರಾದಲ್ಲಿ ಚಿತ್ರ ಆಗಿಂದಾಗ್ಗೆ ಬಿದ್ದಿದೆ, ಮಾತು ಒಂದು ಫ್ರೇಮ್ ತಡವಾಗಿ ಬಂದಿದೆ. ತಂತ್ರಾಂಶ ಆ ತಡವಾದ ಮಾತನ್ನು ಕಾಲರ್ ಮೈಕಿನ ಮಾತಿಗೆ ಸೇರಿಸುವಾಗ ಚಿತ್ರವನ್ನೂ ಒಂದು ಫ್ರೇಮ್ ಎಡಕ್ಕೆ ಎಳೆದಿರುತ್ತದೆ. ಹೀಗಾಗಿ ಧ್ವನಿಯ ಮೇಲೆ ಸಿಂಕ್ ಮಾಡಿದ ನಂತರ ಆ ಕ್ಯಾಮೆರಾದ ಕ್ಲಿಪ್‌ಗಳನ್ನು ಆಯ್ದು ಪೂರ್ಣವಿರಾಮದ ಕೀಲಿಯನ್ನು ಒಮ್ಮೆ ಒತ್ತಿ ಒಂದು ಫ್ರೇಮ್ ಬಲಕ್ಕೆ ಸರಿಸಬೇಕು. ಹತ್ತಿರದ ಎರಡು ಕ್ಯಾಮೆರಾಗಳಿಗೆ ಇದು ಬೇಕಿಲ್ಲ. ಅಂಗೈ ಕೂಡಿದ ಫ್ರೇಮನ್ನು ಕಣ್ಣಿನಿಂದ ನೋಡಿ ಹೊಂದಿಸಿದ ಕ್ಲಿಪ್ಪಿಗೂ ಬೇಕಿಲ್ಲ, ಅಲ್ಲಿ ದೂರದ ಪ್ರಶ್ನೆಯೇ ಬರುವುದಿಲ್ಲ.

ಇಷ್ಟು ಸಣ್ಣ ವ್ಯತ್ಯಾಸ ಯಾರಿಗೆ ಕಾಣುತ್ತದೆ ಎಂದು ಕೇಳಬಹುದು. ಪ್ರಸಾರಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಶಿಫಾರಸಿನ ಪ್ರಕಾರ ಮಾತು ತುಟಿಗಿಂತ 45 ಮಿಲಿಸೆಕೆಂಡ್ ಮೊದಲು ಬಂದರೆ ನೋಡುಗರು ಗುರುತಿಸಬಲ್ಲರು. ತಡವಾಗಿ ಬಂದರೆ 125ರವರೆಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ದೂರದ ಸದ್ದು ತಡವಾಗಿ ಕೇಳುವುದು ನಮಗೆ ಅಭ್ಯಾಸ, ಕಾಣುವ ಮೊದಲೇ ಕೇಳುವುದು ಲೋಕದಲ್ಲಿ ಇಲ್ಲ. ಎರಡು ಫ್ರೇಮುಗಳ ನಡುವೆ ಯಾವುದು ಸರಿ ಎಂದು ತಿಳಿಯದಿದ್ದಾಗ ಮಾತು ತಡವಾಗಿ ಬರುವ ಕಡೆಗೆ ಬಿಡಬೇಕು ಎನ್ನುವುದು ಇದರಿಂದಲೇ ಹೊರಡುವ ನಿಯಮ.

ಮೂರನೆಯದು, ಜಾರುವಿಕೆ. ಆರಂಭದ ಚಪ್ಪಾಳೆಯಲ್ಲಿ ಸರಿಯಾಗಿ ಕೂಡಿದ ಮೊಬೈಲ್, ಕೊನೆಯ ಚಪ್ಪಾಳೆಯ ಹೊತ್ತಿಗೆ ಮೂರು ಫ್ರೇಮ್ ಹಿಂದೆ ಬಿದ್ದಿದೆ ಎಂದುಕೊಳ್ಳಿ. 74 ನಿಮಿಷಕ್ಕೆ 120 ಮಿಲಿಸೆಕೆಂಡ್ ಎಂದರೆ ಹತ್ತು ಲಕ್ಷಕ್ಕೆ 27ರಷ್ಟು ವ್ಯತ್ಯಾಸ. ಎರಡು ಅಗ್ಗದ ಗಡಿಯಾರಗಳ ನಡುವೆ ಇದು ಸಹಜ. ಒಂದನೇ ಮತ್ತು ಎರಡನೇ ಕ್ಯಾಮೆರಾದಲ್ಲಿ ಈ ತೊಂದರೆ ಕಾಣದಿರುವುದಕ್ಕೆ ಕಾರಣ ಅವು ನಡುವೆ ನಿಂತು ನಿಂತು ಓಡಿವೆ, ಪ್ರತಿ ಫೈಲಿಗೂ ಹೊಸದಾಗಿ ಸಿಂಕ್ ಮಾಡಿದ್ದೇವೆ, ಜಾರುವಷ್ಟು ಹೊತ್ತು ಅವಕ್ಕೆ ಸಿಕ್ಕಿಲ್ಲ. ಒಂದೇ ಉಸಿರಿನಲ್ಲಿ ಓಡಿದ ಫೈಲೇ ಜಾರುತ್ತದೆ.

ಕ್ಲಿಪ್ಪಿನ ವೇಗ ಬದಲಾಯಿಸಿ ಇದನ್ನು ಸರಿಪಡಿಸಲು ಹೋಗಬೇಡಿ; ಶೇಕಡಾ 0.0027ರಷ್ಟು ಸೂಕ್ಷ್ಮ ಬದಲಾವಣೆಗೆ ಆ ಉಪಕರಣ ಮಾಡಿದ್ದಲ್ಲ. ಇಲ್ಲಿ ಧ್ವನಿಯೇ ಗಡಿಯಾರ ಎಂಬ ಮೊದಲ ನಿರ್ಧಾರ ಕೈ ಹಿಡಿಯುತ್ತದೆ. ಮೊಬೈಲಿನ ಚಿತ್ರವನ್ನು 12, 37 ಮತ್ತು 62ನೇ ನಿಮಿಷದ ಆಸುಪಾಸಿನಲ್ಲಿ ಕತ್ತರಿಸಿ. ಪ್ರತಿ ಕಡೆಯಲ್ಲೂ ಅದರ ಬಲಕ್ಕಿರುವ ಎಲ್ಲ ತುಂಡುಗಳನ್ನು ಆ ಟ್ರ್ಯಾಕಿನಲ್ಲಿ ಮಾತ್ರ ಆಯ್ದು, ಅಲ್ಪವಿರಾಮದ ಕೀಲಿಯಿಂದ ಒಂದು ಫ್ರೇಮ್ ಎಡಕ್ಕೆ ಸರಿಸಿ. ಒಂದೊಂದು ಫ್ರೇಮ್ ನುಂಗಿಹೋಗುತ್ತದೆ ಅಷ್ಟೆ. ಈ ಮೂರು ಜಾಗಗಳನ್ನೇ ಏಕೆ ಆರಿಸಿದೆ ಎಂದರೆ, ಒಂದು ಫ್ರೇಮ್ ಜಾರಲು ಸುಮಾರು 25 ನಿಮಿಷ ಹಿಡಿಯುತ್ತದೆ. ಅರ್ಧ ಫ್ರೇಮ್ ಜಾರಿದಾಗ ಒಂದು ಫ್ರೇಮ್ ಹಿಂದಕ್ಕೆ ತಂದರೆ ತಪ್ಪು ಎಂದೂ ಅರ್ಧ ಫ್ರೇಮನ್ನು ಮೀರುವುದಿಲ್ಲ. ಜಾರುವಿಕೆ ವಿರುದ್ಧ ದಿಕ್ಕಿನಲ್ಲಿದ್ದರೆ ತುಂಡುಗಳನ್ನು ಬಲಕ್ಕೆ ಸರಿಸಬೇಕಾಗುತ್ತದೆ, ಒಂದು ಫ್ರೇಮಿನ ಕಪ್ಪು ಸೀಳು ಬಿಡುತ್ತದೆ. ಎಡಗಡೆಯ ತುಂಡಿನ ಕೊನೆಯನ್ನು ಒಂದು ಫ್ರೇಮ್ ಎಳೆದು ಅದನ್ನು ಮುಚ್ಚಿ.

ಎಲ್ಲ ಸರಿಯಾದ ಮೇಲೆ ಮೀಡಿಯಾ ಪೂಲಿನಲ್ಲಿ ಈ ಟೈಮ್‌ಲೈನಿನ ಮೇಲೆ ಬಲ ಕ್ಲಿಕ್ ಮಾಡಿ `Convert Timeline to Multicam Clip` ಒತ್ತಿ. ಈಗ ಮೂರು ಕ್ಯಾಮೆರಾ ಮತ್ತು ಒಂದು ಧ್ವನಿ ಸೇರಿ ಒಂದೇ ಕ್ಲಿಪ್, ಅದರೊಳಗೆ ಪ್ರತಿಯೊಂದೂ ಒಂದು ಕೋನ. ಮುಂದೆ ಎಲ್ಲಾದರೂ ಸಿಂಕ್ ತಪ್ಪಿದ್ದು ಕಂಡರೆ `Open in Timeline` ಮೂಲಕ ಒಳಗೆ ಹೋಗಿ ತಿದ್ದಬಹುದು, ಆವರೆಗೆ ಮಾಡಿದ ಕಟ್‌ಗಳು ಹಾಗೆಯೇ ಉಳಿಯುತ್ತವೆ.

ಸ್ವಿಚಿಂಗ್: ಮೊದಲ ಓಟ

ಹೊಸ ಟೈಮ್‌ಲೈನಿನಲ್ಲಿ ಮಲ್ಟಿಕ್ಯಾಮ್ ಕ್ಲಿಪ್ ಹಾಕಿ, ಎಡಗಡೆಯ ವೀಕ್ಷಣಾ ಕಿಟಕಿಯನ್ನು `Multicam` ಸ್ಥಿತಿಗೆ ತನ್ನಿ. ಮೊದಲು ಧ್ವನಿಯ ಚಿಹ್ನೆ ಆರಿಸಿ ನಾಲ್ಕನೇ ಕೋನವನ್ನು, ಅಂದರೆ ಮಿಶ್ರಣವನ್ನು ನಿಗದಿ ಮಾಡಿ. ಆಮೇಲೆ ವಿಡಿಯೊ ಚಿಹ್ನೆಗೆ ಬದಲಾಯಿಸಿ. ಈ ಎರಡನೇ ಹೆಜ್ಜೆ ಮರೆತರೆ ಪ್ರತಿ ಸ್ವಿಚ್ಚಿಗೂ ಚಿತ್ರದ ಬದಲು ಧ್ವನಿಯೇ ಬದಲಾಗಿ, ಒಮ್ಮೆ ಕಾಲರ್ ಮೈಕು, ಒಮ್ಮೆ ಸಭಾಂಗಣದ ಪ್ರತಿಧ್ವನಿ ಕೇಳಿಸುತ್ತದೆ. ಮೂರು ಚಿತ್ರಗಳು ಒಟ್ಟಿಗೆ ಓಡುವಾಗ ಕಂಪ್ಯೂಟರ್ ಬಳಲಿದರೆ `Generate Proxy Media` ಮೂಲಕ ಮೂಲ ಕ್ಲಿಪ್‌ಗಳ ಹಗುರ ಪ್ರತಿಗಳನ್ನು ಮಾಡಿಕೊಳ್ಳಿ.

ಈಗ ಓಡಿಸಿ, ಕೇಳುತ್ತ, 1, 2, 3 ಕೀಲಿಗಳನ್ನು ಒತ್ತುತ್ತ ಹೋಗಿ. ಒತ್ತಿದ ಕಡೆ ಕಟ್ ಬೀಳುತ್ತದೆ. ಮಧ್ಯೆ ನಿಲ್ಲಿಸಿ ತಿದ್ದಬೇಡಿ. ಮಾತಿನ ಲಯ ಕಿವಿಯಲ್ಲಿರುವಾಗ ಕೈ ತಾನಾಗಿ ತೆಗೆದುಕೊಳ್ಳುವ ನಿರ್ಧಾರಗಳು, ನಿಲ್ಲಿಸಿ ಯೋಚಿಸಿ ತೆಗೆದುಕೊಂಡವುಗಳಿಗಿಂತ ಹೆಚ್ಚು ಸಹಜವಾಗಿರುತ್ತವೆ. ಕೋನ ತಪ್ಪಾಗಿದ್ದರೆ ನಂತರ ಆ ತುಂಡಿನ ಮೇಲೆ ನಿಂತು `Alt` ಜೊತೆಗೆ ಸಂಖ್ಯೆ ಒತ್ತಿದರೆ ಹೊಸ ಕಟ್ ಬೀಳದೆ ಕೋನ ಮಾತ್ರ ಬದಲಾಗುತ್ತದೆ.

ಎರಡನೇ ಓಟ: ಎಲ್ಲಿ ಕತ್ತರಿಸಬೇಕು

ಮೊದಲ ಓಟದ ಬಹುಪಾಲು ಕಟ್‌ಗಳು ತಡವಾಗಿರುತ್ತವೆ. ಮಾತು ಕೇಳಿ, ತಿಳಿದು, ಬೆರಳು ಒತ್ತುವಷ್ಟರಲ್ಲಿ ಕಾಲು ಸೆಕೆಂಡಿಗೂ ಹೆಚ್ಚು ಕಳೆದಿರುತ್ತದೆ. ಹೀಗಾಗಿ ಎರಡನೇ ಓಟದಲ್ಲಿ ಪ್ರತಿ ಕಟ್ಟನ್ನು ಆಯ್ದು ಅಲ್ಪವಿರಾಮದ ಕೀಲಿಯಿಂದ ಎಡಕ್ಕೆ ಸರಿಸುತ್ತ ಹೋಗಬೇಕು. ಧ್ವನಿ ಸ್ಥಿರವಾಗಿರುವುದರಿಂದ ಏನೂ ಕೆಡುವುದಿಲ್ಲ. ಎಷ್ಟು ಸರಿಸಬೇಕು ಎನ್ನುವುದಕ್ಕೆ ಮಾತನಾಡಲು ಹೊರಟವರ ಉಸಿರನ್ನೇ ಗುರುತಾಗಿ ಇಟ್ಟುಕೊಂಡಿದ್ದೇನೆ. ಉತ್ತರಿಸುವವರು ಉಸಿರೆಳೆದು ತುಟಿ ತೆರೆಯುವ ಮುನ್ನವೇ ಅವರ ಮುಖ ಪರದೆಯ ಮೇಲೆ ಇರಬೇಕು. ಮೊದಲ ಪದ ಮುಗಿದ ಮೇಲೆ ಮುಖ ಬಂದರೆ ನೋಡುಗರಿಗೆ ಕ್ಯಾಮೆರಾ ಅವರನ್ನು ಹುಡುಕಿದಂತೆ ಅನಿಸುತ್ತದೆ.

ಇಳಕಲ್ಲಿನ ಸಂವಾದದ ಒಂದು ತುಣುಕನ್ನು ಬಿಡಿಸಿ ನೋಡೋಣ. ನಿರೂಪಕಿ ಹಿರಿಯರನ್ನು ಕೇಳುತ್ತಾರೆ: "ಈಗ ಕೊಂಡಿ ಹಾಕಲು ಬರುವವರು ಎಷ್ಟು ಜನ ಉಳಿದಿದ್ದಾರೆ, ಕಾಕಾ?" ಮೂರನೇ ಕೋನದಲ್ಲಿ ಇಬ್ಬರೂ ಇರುವುದರಿಂದ ಪ್ರಶ್ನೆಗೆ ಅದೇ ಸರಿ. ಹಿರಿಯರು ಉತ್ತರಿಸುವುದಿಲ್ಲ. ಸುಮ್ಮನೆ ತಿರುಗಿ ಪಕ್ಕದ ಮಹಿಳೆಯನ್ನು ನೋಡುತ್ತಾರೆ. ಮೊದಲ ಓಟದಲ್ಲಿ ಮೌನ ಕಂಡೊಡನೆ ಬೆರಳು ಎರಡನೇ ಕೋನಕ್ಕೆ ಹಾರಿರುತ್ತದೆ. ಆದರೆ ಆ ಉತ್ತರವೆಲ್ಲ ಇರುವುದು ಹಿರಿಯರ ತಿರುಗುವಿಕೆಯಲ್ಲಿ. ಅವರ ಕತ್ತು ತಿರುಗುವವರೆಗೆ ಮೂರನೇ ಕೋನದಲ್ಲೇ ನಿಂತು, ದೃಷ್ಟಿ ಮಹಿಳೆಯ ಮೇಲೆ ಬಿದ್ದ ಕ್ಷಣಕ್ಕೆ ಎರಡಕ್ಕೆ ಹೋದರೆ ನೋಡುಗರ ಕಣ್ಣೂ ಅವರ ಕಣ್ಣಿನ ಜೊತೆಗೆ ಸಾಗುತ್ತದೆ. ಇಲ್ಲಿ ಕಟ್ ಬಲಕ್ಕೆ ಸರಿಯಬೇಕು. ಎಲ್ಲ ಕಟ್‌ಗಳನ್ನೂ ಒಂದೇ ಅಳತೆಯಲ್ಲಿ ಎಡಕ್ಕೆ ತಳ್ಳಿಬಿಡುವ ಯಾಂತ್ರಿಕ ವಿಧಾನವನ್ನು ನಾನು ಒಪ್ಪದಿರುವುದು ಇಂಥ ಕ್ಷಣಗಳಿಗಾಗಿ.

ಮಹಿಳೆ ನಕ್ಕು ಮಾತು ಶುರು ಮಾಡುತ್ತಾರೆ. ಅಷ್ಟರಲ್ಲಿ ಎರಡನೇ ಕ್ಯಾಮೆರಾ ವ್ಯಾಪಾರಿಯಿಂದ ಅವರ ಕಡೆಗೆ ತಿರುಗುತ್ತಿದ್ದರೆ? ಚಲಿಸುತ್ತಿರುವ ಕ್ಯಾಮೆರಾಕ್ಕೆ ಕತ್ತರಿಸಬಾರದು. ಅದು ನೆಲೆಗೊಳ್ಳುವವರೆಗೆ ಒಂದನೇ ಕೋನಕ್ಕೆ ಹೋಗಿ, ನಾಲ್ವರನ್ನೂ ತೋರಿಸಿ, ನಂತರ ಎರಡಕ್ಕೆ ಬನ್ನಿ. ಅಲುಗದೆ ನಿಂತ ಆ ಹಿಂದಿನ ಕ್ಯಾಮೆರಾ ಇರುವುದೇ ಇದಕ್ಕೆ. ಅವರು ಹೇಳುತ್ತಿರುವಾಗ ವ್ಯಾಪಾರಿ ನಡುನಡುವೆ "ಹೌದ್ರೀ" ಎನ್ನುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಇದು ಕೇಳುತ್ತಿದ್ದೇನೆ ಎನ್ನುವ ಗುರುತು, ಮಾತಿನ ಸರದಿ ಬದಲಾದದ್ದಲ್ಲ. ಪ್ರತಿ ಹೌದ್ರೀಗೂ ಕತ್ತರಿಸಿದರೆ ಚಿತ್ರ ಕಣ್ಣು ಮಿಟುಕಿಸಿದಂತಾಗುತ್ತದೆ. ಎರಡು ಸೆಕೆಂಡಿಗಿಂತ ಚಿಕ್ಕ ತುಂಡುಗಳನ್ನೆಲ್ಲ ಒಮ್ಮೆ ಅನುಮಾನದಿಂದ ನೋಡಿ. ಬಹುತೇಕ ಅಳಿಸಬೇಕಾದವೇ ಆಗಿರುತ್ತವೆ.

ಮಹಿಳೆ ಬೆರಳುಗಳನ್ನು ಎತ್ತಿ ಎಳೆ ಸಿಕ್ಕಿಸುವುದನ್ನು ತೋರಿಸುವಾಗ ಹಿರಿಯರೂ ಅದರ ಮೇಲೆ ಮಾತು ಸೇರಿಸುತ್ತಾರೆ. ಇಬ್ಬರ ಮಾತು ಒಂದರ ಮೇಲೊಂದು ಬಿದ್ದಾಗ ಸಾಮಾನ್ಯವಾಗಿ ಒಂದನೇ ಕೋನ ಸುರಕ್ಷಿತ. ಆದರೆ ಇಲ್ಲಿ ನಾನು ಬೆರಳುಗಳ ಮೇಲೆಯೇ ನಿಲ್ಲುತ್ತೇನೆ, ಹಿರಿಯರ ದನಿ ಮೇಲಿಂದ ಹರಿಯಲಿ. ಮಾತನಾಡುವವರ ಮುಖ ತೋರಿಸುವುದು ಸ್ವಿಚಿಂಗಿನ ಅರ್ಧ ಕೆಲಸ ಮಾತ್ರ. ಈಗ ನೋಡಬೇಕಾದದ್ದು ಏನು ಎಂದು ಕೇಳಿಕೊಂಡರೆ ಕೆಲವೊಮ್ಮೆ ಉತ್ತರ ಕೈ, ಕೆಲವೊಮ್ಮೆ ಕೇಳುತ್ತಿರುವವರ ಮುಖ.

ಮಾತು ತೆಗೆಯುವಾಗ

74 ನಿಮಿಷವನ್ನು 50ಕ್ಕೆ ಇಳಿಸಬೇಕಾದಾಗ ಮಾತಿನ ನಡುವಿನ ಭಾಗಗಳು ಹೋಗುತ್ತವೆ. ಆ ಬೆಸುಗೆಯಲ್ಲಿ ಕೋನ ಬದಲಾದರೆ ನೆಗೆತ ಕಾಣುವುದಿಲ್ಲ. ಆದರೆ ಒಂದನೇ ಕೋನಕ್ಕೆ ಹೋಗುವ ಮೊದಲು ಕೈಗಳನ್ನು ನೋಡಿ. ಬೆಸುಗೆಯ ಈಚೆ ಮಹಿಳೆಯ ಕೈಯಲ್ಲಿ ನೂಲಿದ್ದು, ಆಚೆ ಕೈ ಮಡಿಲಲ್ಲಿದ್ದರೆ ಕೋನ ಬದಲಾದರೂ ಕಳವು ಸಿಕ್ಕಿಬೀಳುತ್ತದೆ. ಆಗ ಅವರೇ ಇಲ್ಲದ ಕೋನಕ್ಕೆ, ಮೂರಕ್ಕೆ, ಹೋಗಿ ಬರಬೇಕು.

ಇಲ್ಲೊಂದು ಗೆರೆಯಿದೆ, ಅದನ್ನು ದಾಟಬಾರದು ಎಂದು ದೃಢವಾಗಿ ನಂಬಿದ್ದೇನೆ. ಮಲ್ಟಿಕ್ಯಾಮ್ ಒಳಗಿನಿಂದ ಕೇಳುಗರ ಮುಖ ತೋರಿಸಿದರೆ ಅದು ಆ ಮಾತಿಗೆ ಆ ಕ್ಷಣದಲ್ಲಿ ಬಂದ ಭಾವ. ಬೇರೆ ಹೊತ್ತಿನ ನಗುವನ್ನು ಕತ್ತರಿಸಿ ತಂದು ಇಲ್ಲಿ ಅಂಟಿಸಿದರೆ ಅದು ಸುಳ್ಳು. ಕೊಂಡಿಗೆ ಸಿಗುವ ಕೂಲಿಯ ಬಗ್ಗೆ ಮಹಿಳೆ ನೊಂದು ಹೇಳುವಾಗ, ಹತ್ತು ನಿಮಿಷದ ಹಿಂದೆ ಬೇರೆ ಮಾತಿಗೆ ನಕ್ಕ ವ್ಯಾಪಾರಿಯ ಮುಖವನ್ನು ತಂದಿಟ್ಟರೆ, ಆ ಮನುಷ್ಯ ಊರಿನ ಕಣ್ಣಿನಲ್ಲಿ ಏನಾಗುತ್ತಾನೆ? ಅವರು ನಾಳೆಯೂ ಅದೇ ಊರಿನಲ್ಲಿ ಅದೇ ಜನರೊಂದಿಗೆ ವ್ಯವಹಾರ ಮಾಡಬೇಕು. ಬೆಸುಗೆ ಮುಚ್ಚಲು ಆ ಕ್ಷಣದ ಯಾವ ಕೋನವೂ ಒದಗದಿದ್ದರೆ ಒಂದು ಚಿಕ್ಕ ಮಸುಕು ಪರಿವರ್ತನೆ ಇಡಿ. ಇಲ್ಲಿ ಏನೋ ತೆಗೆದಿದ್ದಾರೆ ಎಂದು ನೋಡುಗರಿಗೆ ಗೊತ್ತಾದರೆ ಗೊತ್ತಾಗಲಿ.

ಇದೇ ಹಂತದಲ್ಲಿ ಕರೆಂಟು ಹೋದ ಭಾಗ ಬರುತ್ತದೆ. ಅಲ್ಲಿ ಒಂದನೇ ಕೋನ ಕಪ್ಪು. ಜನರೇಟರ್ ಹತ್ತುವವರೆಗೆ ಮಾತು ನಿಂತಿದ್ದರೆ ಪೂರ್ತಿ ತೆಗೆದುಬಿಡಿ. ಮಾತು ಮುಂದುವರಿದಿದ್ದರೆ ಎರಡು ಮತ್ತು ಮೂರರ ನಡುವೆಯೇ ಓಡಾಡಬೇಕು, ಮೇಲಾಗಿ ಆ ಭಾಗದ ಬೆಳಕು ಬೇರೆಯಾಗಿರುತ್ತದೆ.

ಬಣ್ಣ ಮತ್ತು ಕೊನೆಯ ಪರೀಕ್ಷೆ

ಮೂರು ಕ್ಯಾಮೆರಾಗಳ ಬಣ್ಣ ಹೊಂದುವುದಿಲ್ಲ. ಮೊಬೈಲ್ ತಾನೇ ಬಿಳಿಯನ್ನು ಲೆಕ್ಕ ಹಾಕುತ್ತ ಬದಲಾಗುತ್ತಿದ್ದರೆ ಇನ್ನೂ ಕಷ್ಟ. ಟೈಮ್‌ಲೈನಿನ ಒಂದು ಪ್ರತಿ ತೆಗೆದು, ಆ ಪ್ರತಿಯಲ್ಲಿ ಮಾತ್ರ `Flatten Multicam Clip` ಮಾಡಿ. ಕಟ್‌ಗಳು ಮೂಲ ಕ್ಲಿಪ್‌ಗಳಾಗಿ ಬಿಚ್ಚಿಕೊಳ್ಳುತ್ತವೆ. ಬಣ್ಣದ ಪುಟದಲ್ಲಿ ಪ್ರತಿ ಕ್ಯಾಮೆರಾದ ತುಂಡುಗಳನ್ನು ಒಂದು ಗುಂಪಿಗೆ ಸೇರಿಸಿದರೆ ಒಮ್ಮೆ ತಿದ್ದಿದ್ದು ಎಲ್ಲಕ್ಕೂ ಅನ್ವಯಿಸುತ್ತದೆ. ಹೊಂದಾಣಿಕೆಗೆ ಸೀರೆಯ ಬಣ್ಣವನ್ನು ನಂಬಬೇಡಿ, ಹೊಳಪಿನ ನೂಲು ಕೋನ ಬದಲಾದಂತೆ ಬಣ್ಣ ಬದಲಿಸುತ್ತದೆ. ಮುಖದ ಬಣ್ಣವನ್ನು ಮತ್ತು ಹಿರಿಯರ ಬಿಳಿ ಅಂಗಿಯನ್ನು ಆಧಾರ ಮಾಡಿಕೊಳ್ಳಿ. ಅಂಗಿ ಒಂದನೇ ಮತ್ತು ಮೂರನೇ ಕೋನಗಳನ್ನು ಹೊಂದಿಸಿಕೊಡುತ್ತದೆ, ಎರಡನೆಯದನ್ನು ಮುಖಗಳಿಂದ ಹೊಂದಿಸಿ.

ಹೊರತೆಗೆಯುವ ಮೊದಲು ಎರಡು ಬಾರಿ ಪೂರ್ತಿ ನೋಡಿ. ಮೊದಲು ಧ್ವನಿ ಮುಚ್ಚಿ ನೋಡಿದರೆ ಅನಗತ್ಯ ಕಟ್‌ಗಳು ಎದ್ದು ಕಾಣುತ್ತವೆ. ಎರಡನೇ ಬಾರಿ ತಂತಿಯ ಇಯರ್‌ಫೋನ್ ಹಾಕಿಕೊಂಡು ನೋಡಿ. ಬ್ಲೂಟೂತ್ ಇಯರ್‌ಫೋನ್ ಧ್ವನಿಯನ್ನು ತಾನೇ ತಡ ಮಾಡುವುದರಿಂದ ಅದರಲ್ಲಿ ಸಿಂಕ್ ಪರೀಕ್ಷೆ ನಡೆಯುವುದಿಲ್ಲ. 10ನೇ, 30ನೇ ಮತ್ತು ಕೊನೆಯ ನಿಮಿಷಗಳಲ್ಲಿ ಮೂರೂ ಕೋನಗಳ ಒಂದೊಂದು ಪ, ಬ ಅಕ್ಷರವನ್ನು ಹುಡುಕಿ ತುಟಿ ನೋಡಿ.

ಮಾತನಾಡಿದ ನಾಲ್ವರಿಗೂ ತೋರಿಸುವವರೆಗೆ ಬಿಚ್ಚದ ಮಲ್ಟಿಕ್ಯಾಮ್ ಟೈಮ್‌ಲೈನನ್ನು ಅಳಿಸಬೇಡಿ. ಯಾರಾದರೂ ಒಂದು ವಾಕ್ಯ ತೆಗೆಯಲು ಕೇಳಿಕೊಂಡರೆ ಆ ಬೆಸುಗೆಗೆ ಹೊಸ ಕೋನ ಬೇಕಾಗುತ್ತದೆ. ಬಿಚ್ಚಿದ ಪ್ರತಿಯಲ್ಲಿ ಉಳಿದ ಕೋನಗಳು ಇರುವುದಿಲ್ಲ.